ಲಿಫ್ಟಿಗೆ ಯಾರೂ ಹೇಳಿರಲಿಲ್ಲ

ಮನೆ ಬದಲಿಸಲು ಆಷಾಢ ಮುಗಿಯಲಿ ಅಂತ ಒಂದು ತಿಂಗಳು ಕಾದೆವು. ಬೆಂಗಳೂರಿನಲ್ಲಿ ಹಾಗೆ ಕಾದವರು ನಾವೊಬ್ಬರೇ ಅಂದುಕೊಂಡಿದ್ದು ನಮ್ಮ ತಪ್ಪು. ಶ್ರಾವಣದ ಮೊದಲ ವಾರಕ್ಕೆ ಕನಕಪುರ ರಸ್ತೆಯ ಆ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಬುಕ್ ಮಾಡಲು ಹೋದರೆ, ಕಲ್ಯಾಣ ಮಂಟಪದ ಥರ ಎಲ್ಲಾ ಫುಲ್.

ಬ್ಲಾಕಿಗೆ ಒಂದೇ ಸರ್ವಿಸ್ ಲಿಫ್ಟ್. ದಿನಕ್ಕೆ ಎರಡೇ ಸ್ಲಾಟ್. ಬೆಳಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 5. ನಡುವಿನ ಎರಡು ಗಂಟೆ ಹಿರಿಯರ ನಿದ್ದೆಗೆ ಮೀಸಲು. ಶನಿವಾರ, ಭಾನುವಾರ ಸ್ಲಾಟೇ ಇಲ್ಲ, ಯಾಕೆಂದರೆ ಅವತ್ತು ಎಲ್ಲರೂ ಮನೆಯಲ್ಲಿರುತ್ತಾರೆ. ವಾರದ ದಿನಗಳಲ್ಲೂ ಅರ್ಧ ಜನ ಮನೆಯಿಂದಲೇ ಕೆಲಸ ಮಾಡುವವರು, ಅವರಿಗೆ ಮೀಟಿಂಗ್ ಇರುತ್ತದೆ, ಆದ್ದರಿಂದ ಸದ್ದು ಮಾಡುವಂತಿಲ್ಲ. ಸದ್ದಿಲ್ಲದೆ ಬೀರು ಸಾಗಿಸುವ ಕಲೆ ಕಳ್ಳರಿಗೆ ಗೊತ್ತಿರಬಹುದು, ಪ್ಯಾಕರ್ಸ್‌ನವರಿಗೆ ಗೊತ್ತಿಲ್ಲ.

ಕೊನೆಗೆ ಒಂದೇ ಒಂದು ಸ್ಲಾಟ್ ಖಾಲಿ ಸಿಕ್ಕಿತು. ಶುಕ್ರವಾರ ಬೆಳಗ್ಗೆ 10ರಿಂದ 1. ನಮ್ಮ ಅದೃಷ್ಟ ಅಂತ ಖುಷಿಯಿಂದ ಒತ್ತಿಬಿಟ್ಟೆ. ಅದು ಯಾಕೆ ಖಾಲಿ ಇತ್ತು ಅನ್ನೋದು ಮನೆಗೆ ಬಂದು ಅಮ್ಮನಿಗೆ ಹೇಳಿದ ಮೇಲೆ ಗೊತ್ತಾಯಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ.

"ಕ್ಯಾನ್ಸಲ್ ಮಾಡು" ಅಂದರು ಅಮ್ಮ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ ಅಂದೆ. ಒಳಬರುವ ಶುಲ್ಕ 5,000 ರೂಪಾಯಿ. ಲಿಫ್ಟ್ ಸವೆತ, ಲಾಬಿ ಸವೆತ, ಗೋಡೆ ಗೀಚುವಿಕೆ ಅಂತ ರಸೀದಿಯಲ್ಲೇ ಇದೆ. ಇದು ಬಾಡಿಗೆಗೆ ಬರುವವರಿಗೆ ಮಾತ್ರ. ಮಾಲೀಕರ ಸೋಫಾ ಲಿಫ್ಟನ್ನು ಸವೆಸುವುದಿಲ್ಲವಂತೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಲಿಫ್ಟನ್ನು ಎಲ್ಲರಿಗೂ ಸೇರಿದ ಸೌಲಭ್ಯಗಳ ಪಟ್ಟಿಯಲ್ಲಿಟ್ಟಿದೆ. ಆದರೆ ಆ 'ಎಲ್ಲರೂ' ಅಂದರೆ ಮಾಲೀಕರು. ಮ್ಯಾನೇಜರ್ ಅದನ್ನು ನನಗೆ ಬಹಳ ಮೃದುವಾಗಿ ತಿಳಿಸಿಹೇಳಿದರು.

ಅಮ್ಮ ಒಂದು ರಾತ್ರಿ ಯೋಚಿಸಿ ದಾರಿ ಕಂಡುಹಿಡಿದರು. ಹತ್ತೂವರೆಗೆ ಮೊದಲು ಹೊಸ ಮನೆಯಲ್ಲಿ ಹಾಲು ಉಕ್ಕಿಬಿಟ್ಟರೆ ಪ್ರವೇಶ ಆದ ಹಾಗೆ. ಆಮೇಲೆ ಬರುವುದೆಲ್ಲ ಬರೀ ಸಾಮಾನು, ಅದಕ್ಕೆ ರಾಹುವಿನ ಕಾಟ ಇಲ್ಲ. ಗ್ಯಾಸ್ ಒಲೆ ಲಾರಿಯಲ್ಲಿ ಇರುತ್ತದಲ್ಲ, ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಉಕ್ಕಿಸೋಣ್ವಾ ಅಂತ ನನ್ನ ಹೆಂಡತಿ ಕೇಳಿದಳು. "ಅದು ಉಕ್ಕೋ ಹೊತ್ತಿಗೆ ಸರಿಯಾಗಿ ಆಫ್ ಆಗುತ್ತೆ ಕಣೇ. ಸಂಸಾರವೂ ಹಾಗೇ ಆಫ್ ಆಗಬೇಕಾ?" ಅಂದರು ಅಮ್ಮ. ಇಂಡಕ್ಷನ್ ಒಲೆಗೆ ಒಪ್ಪಂದವಾಯಿತು.

ಶುಕ್ರವಾರ. ಟ್ರಾಫಿಕ್‌ನವರು ಹಿಡಿಯದಿರಲಿ ಅಂತ ಕ್ಯಾಂಟರ್ ಆರೂವರೆಗೇ ಬಂದು ಗೇಟಿನ ಮುಂದೆ ನಿಂತಿತ್ತು. ಹತ್ತರವರೆಗೆ ಒಳಗೆ ಬಿಡುವುದಿಲ್ಲ. ಹೊರಗೆ ನಿಂತಿದ್ದಕ್ಕೆ ಎಂಟು ಗಂಟೆಗೇ ದೂರು ಹೋಗಿತ್ತು, ಸ್ಕೂಲ್ ಬಸ್ಸಿಗೆ ಅಡ್ಡ ಅಂತ. ಡ್ರೈವರ್ ಗಾಡಿಯನ್ನು ನೂರು ಮೀಟರ್ ಹಿಂದೆ ತೆಗೆದ. ಅಲ್ಲಿ ಪಕ್ಕದ ಅಪಾರ್ಟ್‌ಮೆಂಟಿನವರ ದೂರು ಶುರುವಾಯಿತು.

ನಾವು ಮೂವರು ಒಂಬತ್ತೂ ಮುಕ್ಕಾಲಿಗೆ ಕಾರಿನಲ್ಲಿ ಬಂದೆವು. ನಮಗೆ ಹಿಂದಿನ ದಿನವೇ ಪಾಸ್ ಬಂದಿತ್ತು. ಅತಿಥಿ ಪಾಸ್. ಸಾಮಾನೆಲ್ಲ ಒಳಗೆ ಹೋಗಿ, ಮ್ಯಾನೇಜರ್ ಸಹಿ ಹಾಕಿ, ಫೈಲ್ ಮುಚ್ಚುವವರೆಗೆ ನಾವು ನಿವಾಸಿಗಳಲ್ಲ, ಅತಿಥಿಗಳು. ಬಾಡಿಗೆ ಒಂದನೇ ತಾರೀಖಿನಿಂದಲೇ ಶುರುವಾಗಿತ್ತು, ಅದು ಬೇರೆ ವಿಷಯ.

ಲಾಬಿಯಲ್ಲಿ ಸೆಕ್ಯುರಿಟಿಯವನು ಅಮ್ಮನ ಕೈಯಲ್ಲಿದ್ದ ಚೀಲ ನೋಡಿದ. "ಅಜ್ಜಿ, ಇದು ಲಗೇಜಾ? ಲಗೇಜ್ ಆದರೆ ಸರ್ವಿಸ್ ಲಿಫ್ಟ್. ಸ್ಲಾಟ್ ಹತ್ತಕ್ಕೆ." ಅಮ್ಮ ಚೀಲದ ಬಾಯಿ ಸ್ವಲ್ಪ ತೆರೆದು ಲಕ್ಷ್ಮೀ ಫೋಟೊ ತೋರಿಸಿದರು. ಅವನು ಚಪ್ಪಲಿ ಬಿಟ್ಟು ಕೈ ಮುಗಿದ. ಲಕ್ಷ್ಮಿಯ ಕೆಳಗೆ ಇಂಡಕ್ಷನ್ ಒಲೆ ಇತ್ತು. ದೇವರು ಲಗೇಜೋ ಅತಿಥಿಯೋ ಅನ್ನುವುದು ಬೈಲಾದಲ್ಲಿ ಇಲ್ಲದ ಕಾರಣ ನಾವು ಜನರ ಲಿಫ್ಟಿನಲ್ಲೇ 14ನೇ ಮಹಡಿ ಸೇರಿದೆವು. ಬೆಳ್ಳಿ ಬಟ್ಟಲನ್ನು ಇಂಡಕ್ಷನ್ ಒಪ್ಪಲಿಲ್ಲ. ಅದಕ್ಕೆ ಅಯಸ್ಕಾಂತ ಹಿಡಿಯುವ ಪಾತ್ರೆಯೇ ಬೇಕು. ಎದುರು ಮನೆಯ ಬಾಗಿಲು ತಟ್ಟಿ ಒಂದು ಸ್ಟೀಲ್ ಪಾತ್ರೆ ತಂದೆವು. 10 ಗಂಟೆ 26 ನಿಮಿಷಕ್ಕೆ ಹಾಲು ಉಕ್ಕಿತು.

ಆ ಹೊತ್ತಿಗೆ ಕೆಳಗೆ ಐದು ಜನ ಕೂಲಿಯವರು ಗೇಟಿನಲ್ಲೇ ಇದ್ದರು.

ಆ್ಯಪ್‌ನಲ್ಲಿ ಒಬ್ಬೊಬ್ಬರ ಫೋಟೊ, ಫೋನ್ ನಂಬರ್, ಆಧಾರ್ ಹಾಕಬೇಕು. ಆಮೇಲೆ ಆ ಫ್ಲಾಟಿನವರು ತಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಫ್ಲಾಟಿನವರು ಯಾರು? ದಾಖಲೆ ಪ್ರಕಾರ ಇನ್ನೂ ಮಾಲೀಕರೇ. ಅವರು ಇರುವುದು ನ್ಯೂಜೆರ್ಸಿಯಲ್ಲಿ. ನಮ್ಮ ಬೆಳಗಿನ ಹತ್ತು ಗಂಟೆ ಅಲ್ಲಿ ರಾತ್ರಿ ಹನ್ನೆರಡೂವರೆ. ಪಾಪ, ಐದು ಸಲ ಫೋನ್ ಗುಂಯ್ ಅಂದಿದೆ. ನಿದ್ದೆಗಣ್ಣಲ್ಲಿ ಎರಡಕ್ಕೆ ಒಪ್ಪಿಗೆ ಕೊಟ್ಟು, ಮೂರಕ್ಕೆ ಬೇಡ ಅಂತ ಒತ್ತಿ ಮಲಗಿದ್ದಾರೆ. ಹೀಗಾಗಿ ನಮ್ಮ ಡಬಲ್ ಡೋರ್ ಫ್ರಿಜ್ ಎತ್ತಲು ಇಬ್ಬರು ಒಳಗೆ, ಹೊರಗಿಂದ ಹುರಿದುಂಬಿಸಲು ಮೂವರು. ನಾನು ಫೋನ್ ಮಾಡಿ ಎಬ್ಬಿಸಿ, ಕ್ಷಮೆ ಕೇಳಿ, ಮೂವರನ್ನೂ ಒಳಗೆ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಕ್ಯಾಂಟರ್ ಅಂತೂ ಒಳಗೆ ಬರಲೇ ಇಲ್ಲ. ಬೇಸ್‌ಮೆಂಟಿನ ಎತ್ತರದ ಪಟ್ಟಿಗೆ ಅದರ ತಲೆ ತಾಗುತ್ತದೆ. ಗೇಟಿನಿಂದ ಲಾಬಿಯವರೆಗೆ ತಳ್ಳುಗಾಡಿಯಲ್ಲೇ ಸಾಗಿಸಿದರು.

ಇನ್ನು ಲಿಫ್ಟ್. ಒಳಗೆ ಪ್ಲೈವುಡ್ ಹೊದಿಸಿದ್ದರು, ಬಾಗಿಲಿಗೆ 'ಕಾಯ್ದಿರಿಸಲಾಗಿದೆ' ಅಂತ ಚೀಟಿ ಅಂಟಿಸಿದ್ದರು. ಆದರೆ ಚೀಟಿ ಇದ್ದದ್ದು ನೆಲಮಹಡಿಯಲ್ಲಿ ಮಾತ್ರ. ಲಿಫ್ಟ್ ಬುಕ್ ಆಗಿರುವುದು ಆ್ಯಪ್‌ಗೆ ಗೊತ್ತು, ಮ್ಯಾನೇಜರಿಗೆ ಗೊತ್ತು, ಸೆಕ್ಯುರಿಟಿಗೆ ಗೊತ್ತು. ಲಿಫ್ಟಿಗೆ ಯಾರೂ ಹೇಳಿರಲಿಲ್ಲ. ಅದು ತನ್ನ ಪಾಡಿಗೆ, ಯಾವ ಮಹಡಿಯಲ್ಲಿ ಬಟನ್ ಒತ್ತಿದರೂ ಹೋಗಿ ಬಾಗಿಲು ತೆರೆಯುತ್ತಿತ್ತು.

ಸರ್ವಿಸ್ ಲಿಫ್ಟ್ ಅಂದರೆ ಸಾಮಾನಿನ ಲಿಫ್ಟ್ ಅಂದುಕೊಂಡಿದ್ದೆ. ಅಲ್ಲ. ಆ ಬ್ಲಾಕಿನಲ್ಲಿ ಕಸದ ಡ್ರಮ್, ನಾಯಿ, ಮನೆಗೆಲಸದವರು, ನೀರಿನ ಕ್ಯಾನ್, ಊಟ ತರುವ ಹುಡುಗರು, ಎಲ್ಲರೂ ಅದರಲ್ಲೇ. ಕೂತು ಕೆಲಸ ಮಾಡುವವರಿಗೆ ಎರಡು ಲಿಫ್ಟ್, ಓಡಾಡಿ ಕೆಲಸ ಮಾಡುವವರಿಗೆಲ್ಲ ಸೇರಿ ಒಂದು. ಆದ್ದರಿಂದ ನಮ್ಮ ವಾಷಿಂಗ್ ಮಷಿನ್ ಮೂರನೇ ಮಹಡಿಯಲ್ಲಿ ಒಂದು ಲ್ಯಾಬ್ರಡಾರನ್ನು ಹತ್ತಿಸಿಕೊಂಡಿತು, ಏಳರಲ್ಲಿ ಇಬ್ಬರು ಅಡುಗೆಯವರನ್ನು. ಹನ್ನೊಂದರಲ್ಲಿ ಕಸದ ಡ್ರಮ್ಮಿನವನು ಇಣುಕಿ ನೋಡಿ, "ನೀವು ಹೋಗಿ ಸಾರ್, ನಾನು ಆಮೇಲೆ ಬರ್ತೀನಿ" ಅಂದ. ಇಡೀ ದಿನ ನೆರೆಹೊರೆಯವರ ಅನುಕೂಲದ ಬಗ್ಗೆ ಭಾಷಣ ಕೇಳಿದ್ದೆ. ನಮ್ಮ ಅನುಕೂಲ ನೋಡಿದವನು ಅವನೊಬ್ಬನೇ.

ಲಿಫ್ಟಿನೊಳಗೆ ಬೋರ್ಡ್ ಇತ್ತು: 13 ಜನ, 884 ಕೆ.ಜಿ. ನಿಂತಲ್ಲೇ ಲೆಕ್ಕ ಹಾಕಿದೆ, ತಲೆಗೆ 68 ಕೆ.ಜಿ. ಆ ಲೆಕ್ಕ ಬರೆದವರು ನಮ್ಮ ಬ್ಲಾಕಿನ ಸಮಿತಿಯನ್ನು ನೋಡಿರಲಿಲ್ಲ.

ನಲವತ್ತು ನಿಮಿಷದಲ್ಲಿ ಮೂರು ಟ್ರಿಪ್ ಆಗಿತ್ತು. ಆಗ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ಇದಕ್ಕೆ ಒಂದು ಕೀ ಇರುತ್ತೆ. ಒಳಗೆ ಹಾಕಿ ತಿರುಗಿಸಿದರೆ ಹೊರಗಡೆ ಬಟನ್ ಒಂದೂ ಕೆಲಸ ಮಾಡಲ್ಲ. ನಾವು ಒತ್ತಿದ ಕಡೆಗೆ ಮಾತ್ರ ಹೋಗುತ್ತೆ, ನಾವು ಮುಚ್ಚೋವರೆಗೆ ಬಾಗಿಲು ಮುಚ್ಚಲ್ಲ." ಬಟನ್‌ಗಳ ಕೆಳಗೆ ಸಣ್ಣ ಬೀಗದ ತೂತು ತೋರಿಸಿದ. ಬುಕಿಂಗ್ ಅಂದರೆ ನಿಜವಾಗಿ ಆ ಕೀ. ಮಿಕ್ಕಿದ್ದೆಲ್ಲ ರಸೀದಿ.

ಕೀ ಮ್ಯಾನೇಜರ ಟೇಬಲ್ ಡ್ರಾದಲ್ಲಿತ್ತು. ಡ್ರಾದ ಕೀ ಮ್ಯಾನೇಜರ ಹತ್ತಿರ. ಮ್ಯಾನೇಜರು ಕ್ಲಬ್ ಹೌಸಿನಲ್ಲಿ, ನಿವಾಸಿಗಳ ಅನುಕೂಲದ ಬಗ್ಗೆ ಮೀಟಿಂಗಿನಲ್ಲಿ. ಹನ್ನೊಂದೂವರೆಗೆ ಕೀ ಬಂತು. ಅಲ್ಲಿಂದ ಹತ್ತು ನಿಮಿಷಕ್ಕೊಂದು ಟ್ರಿಪ್. ಕೆಳಗೆ ತುಂಬಲು ನಾಲ್ಕು, ಮೇಲೆ ಇಳಿಸಲು ನಾಲ್ಕು, ಹೋಗಿ ಬರಲು ಎರಡು. ಮಧ್ಯಾಹ್ನ ಒಂದರೊಳಗೆ ಒಂಬತ್ತು ಟ್ರಿಪ್ ಆಯಿತು. ಒಟ್ಟು ಹನ್ನೆರಡು. 5,000 ರೂಪಾಯಿಯನ್ನು ಅದರಿಂದ ಭಾಗಿಸಿ ನೋಡಿ, ಟ್ರಿಪ್ಪಿಗೆ ನಾನೂರು ಚಿಲ್ಲರೆ. ಆಟೊದವನು ಮೀಟರ್ ಮೇಲೆ ಐವತ್ತು ಕೇಳಿದ್ದಕ್ಕೆ ಜಗಳ ಆಡಿದ್ದು ನೆನಪಾಗಿ ನಾಚಿಕೆಯಾಯಿತು.

ಬಾಕ್ಸ್‌ಗಳೆಲ್ಲ ಹೋದವು, ಫ್ರಿಜ್, ಬೀರು, ಸೋಫಾ ಹೋದವು. ಉಳಿದದ್ದು ತಾತನ ಕಾಲದ ತೇಗದ ಮಂಚ. ಕ್ಯಾಂಟರಿಗೆ ಮೊದಲು ಹತ್ತಿದ್ದು ಅದು, ಹಾಗಾಗಿ ಕೊನೆಗೆ ಇಳಿದದ್ದೂ ಅದೇ. ಮಂಚ ಲಿಫ್ಟಿನ ಬಾಗಿಲಿಗೆ ಬರುವುದಕ್ಕೂ ಗಡಿಯಾರ ಒಂದು ತೋರಿಸುವುದಕ್ಕೂ ಸರಿಹೋಯಿತು. ಟೆಕ್ನಿಷಿಯನ್ ಬಂದು ಕೀ ತಿರುಗಿಸಿ ಜೇಬಿಗೆ ಹಾಕಿಕೊಂಡ.

"ಒಂದೇ ಟ್ರಿಪ್ ಅಲ್ವಾ?" ಅಂದೆ.

"ಎಲ್ಲರೂ ಹಾಗೇ ಹೇಳ್ತಾರೆ ಸಾರ್."

ಮೆಟ್ಟಿಲಲ್ಲಿ ಹೊತ್ತುಕೊಂಡು ಹೋಗ್ತೀವಿ ಅಂದ ಮೇಸ್ತ್ರಿ. ಮೆಟ್ಟಿಲು ಬೆಂಕಿ ಬಿದ್ದಾಗ ಓಡಲು, ಅಲ್ಲಿ ಸಾಮಾನು ಒಯ್ಯುವಂತಿಲ್ಲ. ಇದೊಂದು ನಿಯಮಕ್ಕೆ ನನ್ನ ತಕರಾರಿಲ್ಲ. ಆದರೆ ಆ ಮೆಟ್ಟಿಲಲ್ಲಿ ಎರಡನೇ ಮಹಡಿಯಲ್ಲೇ ಮೂರು ಸೈಕಲ್, ಒಂದು ಶೂ ರ‍್ಯಾಕ್, ಒಂದು ಒಣಗಿದ ತುಳಸಿ ಕುಂಡ ಇದ್ದವು. ಅವು ಮಾಲೀಕರವು ಅಂತ ಕಾಣುತ್ತೆ. ಮೂರು ಗಂಟೆಯ ಸ್ಲಾಟ್ ಬೇರೆಯವರದ್ದು. ಮುಂದಿನ ಖಾಲಿ ಸ್ಲಾಟ್ ಮಂಗಳವಾರ ಮಧ್ಯಾಹ್ನ ಮೂರಕ್ಕೆ. ಪಂಚಾಂಗ ನೋಡುವ ಅಗತ್ಯವೇ ಇರಲಿಲ್ಲ, ಖಾಲಿ ಇದೆ ಅಂದಾಗಲೇ ಅರ್ಥವಾಯಿತು.

ಲಾಬಿಯಲ್ಲಿ ಮಂಚ ಇಡುವಂತಿಲ್ಲ. ಅಷ್ಟರಲ್ಲೇ ವಾಟ್ಸ್ಯಾಪ್ ಗ್ರೂಪಿನಲ್ಲಿ ಅದರ ಫೋಟೊ ಬಂದಿತ್ತು, 'ಇದು ಯಾರದ್ದು? ಮಕ್ಕಳು ಹೆದರುತ್ತಿದ್ದಾರೆ' ಅಂತ. ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿ ಅದನ್ನು ವಿಸಿಟರ್ ಪಾರ್ಕಿಂಗಿನಲ್ಲಿ ಇಡಲು ಬಿಟ್ಟರು. ಅಲ್ಲಿ ನಿಲ್ಲುವ ಎಲ್ಲದಕ್ಕೂ ಪಾಸ್ ಬೇಕು. ವಾಹನದ ನಂಬರ್ ಜಾಗದಲ್ಲಿ 'ಮಂಚ' ಅಂತ ಬರೆದು, ತಲೆದಿಂಬಿನ ಕಡೆ ಹಳದಿ ಚೀಟಿ ಅಂಟಿಸಿದರು. ಮಂಗಳವಾರದವರೆಗೆ ಮಾನ್ಯ.

ಮಂಚ ಒಳಗೆ ಹೋಗಿಲ್ಲ ಅಂದರೆ ಸಾಮಾನು ಪೂರ್ತಿ ಹೋಗಿಲ್ಲ. ಪೂರ್ತಿ ಹೋಗಿಲ್ಲ ಅಂದರೆ ಸಹಿ ಇಲ್ಲ. ರಾತ್ರಿ ಎಂಟಕ್ಕೆ ಮೊಸರು ತರಲು ಹೊರಗೆ ಹೋದೆ. ವಾಪಸ್ ಬರುವಾಗ ಗೇಟಿನಲ್ಲಿ ರಾತ್ರಿ ಪಾಳಿಯ ಹುಡುಗ ಫೋನ್ ಹಿಡಿದು ನಿಲ್ಲಿಸಿದ. ನನ್ನ ಅತಿಥಿ ಪಾಸ್ ಸಂಜೆ ಆರಕ್ಕೇ ಮುಗಿದಿತ್ತು.

"ಯಾವ ಫ್ಲಾಟ್ ಸಾರ್?"

ಹೇಳಿದೆ. ನ್ಯೂಜೆರ್ಸಿಗೆ ಗುಂಯ್ ಅಂತ ಹೋಯಿತು. ಅಲ್ಲಿ ಈಗ ಬೆಳಗ್ಗೆ ಹತ್ತೂವರೆ, ಪುಣ್ಯಕ್ಕೆ ಎದ್ದಿರುತ್ತಾರೆ.

"ಬಂದ ಉದ್ದೇಶ?"

"ಮಲಗೋದು" ಅಂದೆ.

ಅವನು ಪಟ್ಟಿಯಲ್ಲಿ ಹುಡುಕಿದ. ಡೆಲಿವರಿ ಇತ್ತು, ಕ್ಯಾಬ್ ಇತ್ತು, ರಿಪೇರಿ ಇತ್ತು. ಮಲಗೋದು ಇರಲಿಲ್ಲ. 'ಇತರೆ' ಒತ್ತಿದ.