ನನ್ನ ಹಳೆಯ ಹೆಸರಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ

ಬೆಳಿಗ್ಗೆ ಬೆಳಿಗ್ಗೆಯೇ ತಲೆ ಕೆಟ್ಟಿತು. ಜಾಲತಾಣವೊಂದರಲ್ಲಿ ಹಳೆಯ ಚರ್ಚೆಯೊಂದನ್ನು ಹುಡುಕಿ ತೆಗೆದಿದ್ದೆ. ಅದರಲ್ಲಿ ಯಾರೋ ಪುಣ್ಯಾತ್ಮರು ಹೆಸರಿನ ಹಿಂದೆ @ ಹಾಕಿ ನನಗೆ ಧನ್ಯವಾದ ಹೇಳಿದ್ದರು. ಹೊಗಳಿಕೆ ಇನ್ನೊಮ್ಮೆ ಓದೋಣ ಅಂತ ಹೋಗಿದ್ದು (ಹೌದು, ನಾನು ಅಂಥವನೇ). ಹೆಸರಿನ ಮೇಲೆ ಒತ್ತಿದರೆ ತೆರೆದದ್ದು ನನ್ನ ಪುಟವಲ್ಲ, ಮೂರು ವಾರದಲ್ಲಿ ಹಣ ದುಪ್ಪಟ್ಟು ಮಾಡಿಕೊಡುವ ಮಹಾನುಭಾವನೊಬ್ಬನ ಪುಟ. ಅಂದರೆ ಇವತ್ತು ಆ ಚರ್ಚೆ ಓದುವವರಿಗೆ, ಆ ಒಳ್ಳೆಯ ಸಲಹೆ ಕೊಟ್ಟವನೂ ಈತನೇ, ದುಡ್ಡು ಕೇಳುತ್ತಿರುವವನೂ ಈತನೇ.

ನಾನು ಅಲ್ಲಿ ಹೆಸರು ಬದಲಿಸಿದ್ದು ನಿಮಗೆಲ್ಲ ಗೊತ್ತು. ಕಾಲೇಜಿನ ದಿನಗಳ ಆ ಅಡ್ಡಹೆಸರು ಎಷ್ಟು ವರ್ಷ ಅಂತ ಹೊತ್ತು ತಿರುಗಲಿ? ಸೆಟ್ಟಿಂಗ್ಸ್‌ಗೆ ಹೋದೆ, ಹೊಸದು ಹಾಕಿದೆ, ಹಸಿರು ಟಿಕ್ ಬಂತು, ಸೇವ್ ಒತ್ತಿದೆ. ಹತ್ತು ಸೆಕೆಂಡಿನ ಕೆಲಸ. ಆ ಹತ್ತು ಸೆಕೆಂಡಿನಲ್ಲಿ "ನಿಮ್ಮ ಹಳೆಯ ಹೆಸರನ್ನು ಈಗಿಂದೀಗಲೇ ಯಾರು ಬೇಕಾದರೂ ತೆಗೆದುಕೊಳ್ಳಬಹುದು" ಅಂತ ಒಂದು ಸಾಲು ತೋರಿಸಲು ಆ ಜಾಲತಾಣಕ್ಕೆ ಏನು ಕಷ್ಟವಿತ್ತು?

ಒಳಗೆ ನಡೆಯುವುದು ಇಷ್ಟೇ. ಇಂಥ ಜಾಲತಾಣಗಳ ಲೆಕ್ಕದ ಪುಸ್ತಕದಲ್ಲಿ ನೀವೊಂದು ಸಂಖ್ಯೆ. ಖಾತೆ ತೆರೆದ ದಿನ ಕೊಟ್ಟ ಆ ಸಂಖ್ಯೆ ಬದಲಾಗುವುದಿಲ್ಲ. ಹೆಸರು ಅದರ ಮೇಲೆ ಅಂಟಿಸಿದ ಚೀಟಿ. ಚೀಟಿ ಬದಲಿಸಿದರೂ ನಿಮ್ಮ ಬರಹ, ಹಿಂಬಾಲಕರು, ಖಾಸಗಿ ಸಂದೇಶ ಎಲ್ಲ ಹಾಗೇ ಉಳಿಯುವುದು ಅವೆಲ್ಲ ಸಂಖ್ಯೆಗೆ ಕಟ್ಟಿಕೊಂಡಿರುವುದರಿಂದ. ತೊಂದರೆ ಇರುವುದು ಸಂಖ್ಯೆಯ ಬದಲು ಹೆಸರನ್ನೇ ನಂಬಿಕೊಂಡ ಜಾಗಗಳಲ್ಲಿ. ಎಕ್ಸ್‌ನಲ್ಲಿ ನಾನು halehesaru ಆಗಿದ್ದು hosahesaru ಆದೆ ಅಂದುಕೊಳ್ಳಿ. ಈ ಎರಡು ಕೊಂಡಿ ನೋಡಿ:

```
https://x.com/halehesaru/status/1234567890
https://x.com/halehesaru
```

ಮೊದಲನೆಯದಕ್ಕೆ ಏನೂ ಆಗುವುದಿಲ್ಲ. ಅಲ್ಲಿ ಬರಹವನ್ನು ಹುಡುಕಿಕೊಡುವುದು ಕೊನೆಯ ಸಂಖ್ಯೆ. ನಡುವಿನ ಹೆಸರು ಬರೀ ಅಲಂಕಾರಕ್ಕೆ, ಹಳೆಯದಿದ್ದರೂ ಬರಹ ತೆರೆಯುತ್ತದೆ. ಎರಡನೆಯದರಲ್ಲಿ ಹೆಸರು ಬಿಟ್ಟರೆ ಬೇರೆ ಗುರುತೇ ಇಲ್ಲ. ಆ ಹೆಸರು ಖಾಲಿ ಇದ್ದರೆ ಖಾಲಿ ಪುಟ, ಯಾರಾದರೂ ಹಿಡಿದಿದ್ದರೆ ಅವರ ಪುಟ. ಬೇರೆಯವರು ಬರೆದ @halehesaru ಕೂಡ ಈ ಎರಡನೆಯ ಜಾತಿಯದ್ದೇ. ಅವರ ವಾಕ್ಯದೊಳಗಿನ ಅಕ್ಷರಗಳನ್ನು ಯಾರೂ ತಿದ್ದುವುದಿಲ್ಲ, ಒತ್ತಿದಾಗ ಈ ಹೊತ್ತು ಆ ಹೆಸರು ಯಾರ ಬಳಿ ಇದೆಯೋ ಅವರ ಬಾಗಿಲಿಗೇ ಹೋಗುತ್ತದೆ.

"ಅದಕ್ಕೇನು ಮಾಡೋಕಾಗುತ್ತೆ, ತಂತ್ರಜ್ಞಾನ ಇರೋದೇ ಹಾಗೆ" ಅಂತ ಯಾರೋ ಹೇಳಲು ಬರುತ್ತಿದ್ದೀರಿ, ಗೊತ್ತು. ಡಿಸ್ಕಾರ್ಡ್‌ನಲ್ಲಿ ನೀವು ಒಬ್ಬರನ್ನು ಕರೆದರೆ ಸಂದೇಶದೊಳಗೆ ಉಳಿಯುವುದು ಹೆಸರಲ್ಲ, `<@1234567890>` ಅನ್ನುವಂಥ ಸಂಖ್ಯೆ. ಅವರು ಎಷ್ಟು ಸಲ ಹೆಸರು ಬದಲಿಸಿದರೂ ಹಳೆಯ ಸಂದೇಶ ಅವರನ್ನೇ ತೋರಿಸುತ್ತದೆ. ಅಲ್ಲಿ ಆಗುವುದು ಬೇರೆ ಕಡೆ ಆಗುವುದಿಲ್ಲ ಅಂದರೆ ಯಾರು ನಂಬಬೇಕು?

ಇನ್ನು ಕಾಯುವ ದಿನಗಳ ಕತೆ. ಇಲ್ಲಿ ಗಡಿಯಾರ ಎರಡಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ನೀವು ಮತ್ತೆ ಯಾವಾಗ ಬದಲಿಸಬಹುದು ಅನ್ನುವುದು ಒಂದು ಗಡಿಯಾರ. ಬಿಟ್ಟ ಹೆಸರನ್ನು ನಿಮಗಾಗಿ ಎಷ್ಟು ದಿನ ಕಾದಿರಿಸುತ್ತಾರೆ ಅನ್ನುವುದು ಇನ್ನೊಂದು. ಟಿಕ್‌ಟಾಕ್‌ನಲ್ಲಿ 30 ದಿನಕ್ಕೆ ಒಂದೇ ಸಲ ಬದಲಾವಣೆ ಅನ್ನುವುದು ಮೊದಲನೆಯ ಗಡಿಯಾರ. ಅದು ನಿಮ್ಮನ್ನು ತಡೆಯುತ್ತದೆಯೇ ಹೊರತು ನಿಮ್ಮ ಹಳೆಯ ಹೆಸರನ್ನು ಕಾಯುವ ಮಾತು ಅದರಲ್ಲಿಲ್ಲ. ಯೂಟ್ಯೂಬ್ ಎರಡನ್ನೂ ಇಟ್ಟಿದೆ: ಹ್ಯಾಂಡಲನ್ನು, ಅಂದರೆ @ ಇರುವ ಹೆಸರನ್ನು, 14 ದಿನದಲ್ಲಿ ಎರಡು ಸಲ ಬದಲಿಸಬಹುದು, ಬಿಟ್ಟ ಹ್ಯಾಂಡಲ್ 14 ದಿನ ನಿಮ್ಮ ಹೆಸರಲ್ಲೇ ಇರುತ್ತದೆ, ಅಷ್ಟು ದಿನ ಹಳೆಯ ಕೊಂಡಿಯೂ ಕೆಲಸ ಮಾಡುತ್ತದೆ. ಇನ್‌ಸ್ಟಾಗ್ರಾಮ್ ಕೂಡ ಸಾಮಾನ್ಯವಾಗಿ 14 ದಿನದೊಳಗೆ ಹಳೆಯ ಹೆಸರಿಗೆ ಮರಳಲು ಬಿಡುತ್ತದೆ.

ಹದಿನಾಲ್ಕು ದಿನ! ಹತ್ತು ವರ್ಷ ಜನ ಬರೆದಿಟ್ಟ ಕೊಂಡಿಗಳಿಗೆ ಎರಡು ವಾರದ ಗಡುವು. ಬಾಡಿಗೆ ಮನೆ ಖಾಲಿ ಮಾಡಿದವನ ಟಪಾಲು ಕೂಡ ಇದಕ್ಕಿಂತ ಹೆಚ್ಚು ದಿನ ಹಳೆಯ ವಿಳಾಸಕ್ಕೆ ಬರುತ್ತಿರುತ್ತದೆ.

ನಮ್ಮ ಕೋಡ್ ಬರೆಯುವ ಗೆಳೆಯರು ಮೀಸೆಯಡಿ ನಗುತ್ತಿರಬಹುದು, ಗಿಟ್‌ಹಬ್ ಹಳೆಯ ಕೊಂಡಿಗಳನ್ನು ತಾನೇ ಹೊಸದಕ್ಕೆ ತಿರುಗಿಸುತ್ತದಲ್ಲ ಅಂತ. ತಿರುಗಿಸುತ್ತದೆ, ಆದರೆ ರೆಪೊಸಿಟರಿಗಳನ್ನು, ಅಂದರೆ ಕೋಡ್ ಇಟ್ಟ ಕೋಶಗಳನ್ನು ಮಾತ್ರ. ಪ್ರೊಫೈಲ್ ಕೊಂಡಿಗೆ ಸಿಗುವುದು 404, ಅಂದರೆ ಪುಟವೇ ಇಲ್ಲ ಅನ್ನುವ ಉತ್ತರ. ಬಿಟ್ಟ ಹೆಸರನ್ನು ಬೇರೆಯವರು ತೆಗೆದುಕೊಂಡು, ಅದೇ ಹೆಸರಿನ ರೆಪೊಸಿಟರಿಯನ್ನೂ ತೆರೆದರೋ, ತಿರುಗಿಸುವುದು ಅಲ್ಲಿಗೆ ನಿಂತಿತು. ಆಮೇಲೆ ಹಳೆಯ ವಿಳಾಸದಿಂದ ಕೋಡ್ ಇಳಿಸಿಕೊಳ್ಳುವವರಿಗೆ ಸಿಗುವುದು ಆ ಅಪರಿಚಿತನ ಕೋಡ್. ಇದು ಕಳ್ಳರಿಗೂ ಗೊತ್ತಿರುವ ದಾರಿ. ಅದಕ್ಕೇ ಹೆಸರು ಬಿಡುವ ಮುಂಚಿನ ವಾರದಲ್ಲಿ 100ಕ್ಕಿಂತ ಹೆಚ್ಚು ಸಲ ಕ್ಲೋನ್ ಆದ, ಅಂದರೆ ಜನ ನಕಲು ಇಳಿಸಿಕೊಂಡ, ರೆಪೊಸಿಟರಿಯ ಹೆಸರನ್ನು ಮತ್ತೆ ಯಾರಿಗೂ ಕೊಡದಂತೆ ಬೀಗ ಹಾಕುತ್ತಾರೆ. ನಿಮ್ಮ ಚಿಕ್ಕ ರೆಪೊಸಿಟರಿಗೆ ಆ ಬೀಗ ಇಲ್ಲ. ಹಾಗಾಗಿ ನಗು ನಿಲ್ಲಿಸಿ, ನಿಮ್ಮ ಕಂಪ್ಯೂಟರಿನಲ್ಲಿರುವ ಪ್ರತಿಗೆ ಹೊಸ ವಿಳಾಸ ಹೇಳಿಕೊಡಲು ಮೊದಲು ಈ ಸಾಲು ಓಡಿಸಿ:

```
git remote set-url origin https://github.com/hosahesaru/kelasa.git
```

ಒಂದು ವಾದವನ್ನು ಮಾತ್ರ ಒಪ್ಪುತ್ತೇನೆ. ಕಿರುಕುಳ ತಾಳಲಾರದೆ ಹೆಸರು ಬದಲಿಸುವವರಿದ್ದಾರೆ. ಹಳೆಯ ಕೊಂಡಿ ಹೊಸ ಪುಟಕ್ಕೆ ತಿರುಗಿದರೆ ಕಾಟ ಕೊಡುವವನೂ ಹಿಂದೆಯೇ ಬರುತ್ತಾನೆ. ಸರಿ, ತಿರುಗಿಸಬೇಡಿ. ಆದರೆ ತಿರುಗಿಸಬೇಡಿ ಅಂದರೆ ಇನ್ನೊಬ್ಬನಿಗೆ ಕೊಡಿ ಅಂತಲೇ? ಹೆಸರನ್ನು ಹಾಗೇ ಮುಚ್ಚಿಡಬಹುದಲ್ಲ. "ಒಳ್ಳೆಯ ಹೆಸರುಗಳು ಮುಗಿದುಹೋಗುತ್ತವೆ" ಅನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ. ಮುಗಿದರೆ ಮುಗಿಯಲಿ, ಬಾಲಕ್ಕೆ ಎರಡು ಅಂಕಿ ಸೇರಿಸಿಕೊಳ್ಳಿ.

ಬದಲಿಸಲೇಬೇಕು ಅನ್ನುವವರಿಗೆ: ಮೊದಲು ಹಳೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ, ಎಲ್ಲೆಲ್ಲಿ ಕೂತಿದೆ ಅಂತ ಕಾಣುತ್ತದೆ. ನಿಮ್ಮ ಕೈಯಲ್ಲಿರುವುದನ್ನು, ಅಂದರೆ ಇಮೇಲ್ ಸಹಿ, ಬೇರೆ ಖಾತೆಗಳ ಪರಿಚಯದ ಸಾಲು, ವಿಸಿಟಿಂಗ್ ಕಾರ್ಡು, ಅವತ್ತೇ ತಿದ್ದಿ. ಬದಲಿಸಿದ ಮೇಲೆ ಲಾಗಿನ್ ಆಗದ ಬ್ರೌಸರಿನಲ್ಲಿ ಹಳೆಯ ಕೊಂಡಿ ತೆರೆದು ನೋಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿ, ಮೊದಲ ದಿನ ಸರಿ ಕಂಡದ್ದು ಗಡುವು ಮುಗಿದ ಮೇಲೆ ಕೈಕೊಡಬಹುದು. ಕೆಲವರು ಇನ್ನೊಂದು ಖಾತೆ ತೆರೆದು ಹಳೆಯ ಹೆಸರನ್ನು ತಾವೇ ಹಿಡಿದಿಡುತ್ತಾರೆ. ಸುಮ್ಮನೆ ಹೆಸರು ಕಟ್ಟಿಟ್ಟುಕೊಳ್ಳುವುದನ್ನು ಎಲ್ಲ ಜಾಲತಾಣಗಳ ನಿಯಮವೂ ಒಪ್ಪುವುದಿಲ್ಲ. ನಾನು ಮಾಡಲಿಲ್ಲ, ಈಗ ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ತಪ್ಪೊಪ್ಪಿಗೆ. ನಾನು ಈಗ ಹಾಕಿಕೊಂಡಿರುವ ಚೆಂದದ ಹೊಸ ಹೆಸರೂ ಯಾರೋ ಬಿಟ್ಟುಹೋದದ್ದೇ. ಹಸಿರು ಟಿಕ್ ಕಂಡಾಗ ಕುಣಿದಾಡಿದ್ದೆ, ಇಷ್ಟು ಒಳ್ಳೆಯ ಹೆಸರು ಖಾಲಿ ಯಾಕಿದೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಆಮೇಲೆ ಸಂದೇಶಗಳು ಒಂದೊಂದಾಗಿ ಬರತೊಡಗಿದವು: ಸರ್, ಎಫ್ ಕಾರ್ಡ್ ಹಿಡಿಯುವಾಗ ಬೆರಳು ನೋಯುತ್ತದೆ, ಸರ್, ತಂತಿ ಯಾವುದು ತರಲಿ. ನನ್ನ ಹೆಸರಿನ ಹಿಂದಿನ ಯಜಮಾನರು ಗಿಟಾರ್ ಮೇಷ್ಟ್ರು. ನಿನ್ನೆ ರಾತ್ರಿಯೂ ಒಬ್ಬರು ಮುಂದಿನ ಪಾಠ ಯಾವಾಗ ಅಂತ ಕೇಳಿದ್ದಾರೆ. ಆ ಮೇಷ್ಟ್ರು ಈಗ ಯಾವ ಹೆಸರಲ್ಲಿದ್ದಾರೆ ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಹಾಕಿ, ಹುಡುಗರನ್ನು ಅಲ್ಲಿಗೆ ಕಳಿಸುತ್ತೇನೆ.