ಕುದುರೆ ಬಂದ್ರೆ ನಿದ್ದೆ ಕುದುರಲ್ಲ

ಇಂಗ್ಲಿಷ್ ಕಾರ್ಡ್ ಗೇಮನ್ನ ಕನ್ನಡಕ್ಕೆ ತರೋಕೆ ಹೊರಟೋರು ಮೊದಲು ನಿಘಂಟು ತೆಗೀತಾರೆ, ನನ್ನ ಕೇಳಿದ್ರೆ ಮೊದಲು ರಮ್ಮಿ ಆಡೋರ ಪಕ್ಕ ಹೋಗಿ ಕೂತ್ಕೋಬೇಕು. ನಾವು ಮೈಸೂರಲ್ಲಿ ಒಂದಷ್ಟು ಜನ ಭಾನುವಾರ ಸೇರಿ ಆಡೋ ಒಂದು ಫ್ಯಾಂಟಸಿ ಗೇಮನ್ನ, ಮಂಡ್ಯ ಕಡೆಯಿಂದ ಬರೋ ನೆಂಟರ ಹುಡುಗ್ರಿಗೂ ಆಡೋಕಾಗ್ಲಿ ಅಂತ ಕನ್ನಡಕ್ಕೆ ಮಾಡ್ತಿದೀವಿ. ಮೊದಲ ಕರಡಲ್ಲಿ ಡಿಸ್ಕಾರ್ಡ್, ಡಿಸ್ಟ್ರಾಯ್, ಸ್ಯಾಕ್ರಿಫೈಸ್ ಮೂರಕ್ಕೂ "ತೆಗೆದುಹಾಕಿ" ಅಂತಲೇ ಇತ್ತು. ಮೂರರಲ್ಲೂ ಎಲೆ ಹೋಗಿ ಬೀಳೋದು ಒಂದೇ ಗುಡ್ಡೆಗೆ ತಾನೇ, ಏನ್ ವ್ಯತ್ಯಾಸ ಅನ್ನಿಸುತ್ತೆ. ಆದ್ರೆ ಡಿಸ್ಕಾರ್ಡ್ ಅಂದ್ರೆ ಕೈಲಿರೋ ಎಲೆ ಹೋಗೋದು, ಡಿಸ್ಟ್ರಾಯ್ ಅಂದ್ರೆ ಮೇಜಿನ ಮೇಲಿರೋದನ್ನ ಹೊಡೆದು ಉರುಳಿಸೋದು, ಸ್ಯಾಕ್ರಿಫೈಸ್ ಅಂದ್ರೆ ನಮ್ಮದನ್ನ ನಾವೇ ಕೊಟ್ಟುಬಿಡೋದು. "ಇದನ್ನ ನಾಶ ಮಾಡೋಕಾಗಲ್ಲ" ಅಂತ ಬರೆದಿರೋ ರಾಕ್ಷಸನನ್ನೂ ಅವನ ಯಜಮಾನನ ಕೈಲೇ ಬಲಿ ಕೊಡಿಸಬಹುದು, ಇಂಗ್ಲಿಷ್ ಕಾರ್ಡ್ ಗೇಮ್ ಮ್ಯಾಜಿಕ್ ದಿ ಗ್ಯಾದರಿಂಗ್‌ನಲ್ಲೂ ಇದೇ ನಿಯಮ. ಮೂರಕ್ಕೂ ಒಂದೇ ಪದ ಹಾಕಿದ್ರೆ ಆ ರಾಕ್ಷಸನ ವಿಷಯದಲ್ಲಿ ಜಗಳ ಗ್ಯಾರಂಟಿ.

ಇಸ್ಪೀಟ್ ಆಡೋರ ಬಾಯಲ್ಲಿ ಪದಗಳು ಆಗಲೇ ರೆಡಿ ಇವೆ: ಕಲೆಸು, ಹಂಚು, ಎತ್ತು, ಇಳಿಸು, ಬಿಡು. ಹಾಗಾಗಿ ಕೈಯಿಂದ ಹೋದ್ರೆ "ಬಿಡಿ", ಮೇಜಿಂದ ಹೋದ್ರೆ "ನಾಶ ಮಾಡಿ", ತಾನೇ ಕೊಟ್ರೆ "ಬಲಿ ಕೊಡಿ". ಒಂದ್ಸಲ ಹಾಕಿದ್ಮೇಲೆ ಪ್ರತಿ ಕಾರ್ಡಲ್ಲೂ ಅದೇ ಪದ, ಅಂದ ಬರ್ಲಿ ಅಂತ ಒಂದು ಕಡೆ "ಬಿಸಾಡಿ" ಇನ್ನೊಂದು ಕಡೆ "ತ್ಯಜಿಸಿ" ಅಂತ ಹಾಕೋ ಹಾಗಿಲ್ಲ, ಯಾಕಂದ್ರೆ ಪದ ಬದಲಾದ್ರೆ ರೂಲೇ ಬದಲಾಯ್ತು ಅಂತ ಆಡೋರು ತಿಳ್ಕೋತಾರೆ.

ಇನ್ನೊಂದು ತಲೆನೋವು ನಮ್ಮ ಮಾತಿನದೇ. ನೈಟ್‌ಮೇರ್ ಅನ್ನೋ ಕಾರ್ಡ್ ಇದೆ, ಚಿತ್ರದಲ್ಲಿ ಕಪ್ಪು ಕುದುರೆ. ರೂಲ್‌ನ ನಾವು "ಈ ಎಲೆ ಇಳಿದಾಗ ಎದುರಾಳಿ ಕೈಯಿಂದ ಒಂದು ಎಲೆ ಬಿಡಬೇಕು" ಅಂತ ಬರೆದ್ವಿ. ಓದೋಕೆ ಚೆನ್ನಾಗಿದೆ. ಇಂಗ್ಲಿಷ್ ಕಾರ್ಡ್ ನೋಡೇ ಇಲ್ಲದ ಹುಡುಗನ ಕೈಗೆ ಕೊಟ್ಟು ಸುಮ್ನೆ ನೋಡ್ತಾ ಕೂತ್ವಿ, ಅವನು ಸೀದಾ ಎದುರಿನವನ ಕೈಗೇ ಕೈ ಹಾಕಿ ತನಗೆ ಬೇಕಾದ ಎಲೆ ಕಿತ್ಕೊಂಡ! "ಯಾಕ್ಲಾ?" ಅಂದ್ರೆ "ಎದುರಾಳಿ ಕೈಯಿಂದ ಅಂತ ಬರ್ದೈತಲ್ಲ ಅಣ್ಣ" ಅಂದ. ಅವನು ಹೇಳಿದ್ದೂ ಸರಿನೇ, ಮಾತಾಡುವಾಗ ನಾವು "ಎದುರಾಳಿಯ ಕೈ" ಅನ್ನೋದನ್ನೂ "ಎದುರಾಳಿ ಕೈ" ಅಂತೀವಿ, ಹಾಗಾಗಿ ಬಿಡೋನು ಯಾರು, ಆರಿಸೋನು ಯಾರು ಎರಡೂ ಗೊತ್ತಾಗಲ್ಲ. ಈಗ ಅದು ಹೀಗಿದೆ: "ಈ ಎಲೆ ಇಳಿದಾಗ, ಎದುರಾಳಿಯು ತನ್ನ ಕೈಲಿರುವ ಒಂದು ಎಲೆಯನ್ನು ತಾನೇ ಆರಿಸಿ ಬಿಡಬೇಕು." ಸ್ವಲ್ಪ ಉದ್ದ ಆಯ್ತು, ಆಗ್ಲಿ. "ತನ್ನ", "ತಾನೇ" ಎರಡು ಪದ ಸೇರಿ ಜಗಳ ಮುಗಿಸಿದ್ವು. ರೂಲ್ ಮಟ್ಟಿಗೆ ನಾನು ವಿಭಕ್ತಿ ಬಿಡದ ಬರವಣಿಗೆ ಕನ್ನಡದ ಪಾರ್ಟಿ, ಎಷ್ಟೇ ಒಣಗಿದ್ರೂ ಪರವಾಗಿಲ್ಲ.

ಇನ್ನು ಅದೇ ಕಾರ್ಡಿನ ತಮಾಷೆ. ಇಂಗ್ಲಿಷಲ್ಲಿ ಮೇರ್ ಅಂದ್ರೆ ಹೆಣ್ಣು ಕುದುರೆ, ಅದಕ್ಕೇ ಕೆಟ್ಟ ಕನಸಿನ ಕಾರ್ಡಿಗೆ ಕುದುರೆ ಚಿತ್ರ (ನೈಟ್‌ಮೇರ್‌ನಲ್ಲಿರೋ ಮೇರ್ ನಿಜವಾಗಿ ಹಳೇ ಇಂಗ್ಲಿಷಿನ ದೆವ್ವ, ಕುದುರೆಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೂ ಜೋಕ್ ನಡೆಯುತ್ತೆ). "ದುಃಸ್ವಪ್ನ" ಅಂದ್ರೆ ಅರ್ಥ ಉಳೀತು, ಆದ್ರೆ ಚಿತ್ರದಲ್ಲಿರೋ ಕುದುರೆ ಯಾಕೆ ಬಂತು ಅಂತ ಗೊತ್ತಾಗಲ್ಲ. ಚಿತ್ರ ಬದಲಾಯಿಸೋಕಾಗಲ್ಲ, ಹಾಗಾಗಿ ಕುದುರೆ ಇರಲೇಬೇಕು, ನಿದ್ದೆ ಕೆಡಲೇಬೇಕು. ಹೆಸರಲ್ಲೇ ಜೋಕನ್ನೂ ತುರುಕೋ ಹಟ ಬಿಟ್ಟು "ನಿದ್ದೆಗೇಡಿ ಕುದುರೆ" ಅಂತ ಇಟ್ವಿ, ಜೋಕನ್ನ ಕೆಳಗೆ ರೂಲಿಗೆ ಲೆಕ್ಕಕ್ಕಿಲ್ಲದ ಮಜದ ಸಾಲಿಗೆ, ಅಂದ್ರೆ ಫ್ಲೇವರ್ ಟೆಕ್ಸ್ಟ್‌ಗೆ ಇಳಿಸಿದ್ವಿ: "ಈ ಕುದುರೆ ಬಂದ್ರೆ ನಿದ್ದೆ ಕುದುರಲ್ಲ." ಇಂಗ್ಲಿಷ್ ಜೋಕಿನ ಒಂದು ಅಕ್ಷರನೂ ಇದರಲ್ಲಿಲ್ಲ, ಆದ್ರೆ ಮೇಜಿನ ಸುತ್ತ ನಗು ಬಂತು.

ಎಲ್ಲಾ ಕಾರ್ಡಿಗೂ ಇಂಥ ಅದೃಷ್ಟ ಇರಲ್ಲ. ಕೆಲವು ಜೋಕ್‌ಗೆ ಕನ್ನಡದಲ್ಲಿ ದಾರಿನೇ ಇಲ್ಲ, ಅಲ್ಲಿ ತಿಣುಕಾಡೋ ಬದಲು ಸಾದಾ ಬರೆದು, ಆ ಸಾಲವನ್ನ ಇನ್ನೊಂದು ಕಾರ್ಡಲ್ಲಿ ತೀರಿಸ್ಕೋಬೇಕು. ಇಂಗ್ಲಿಷಲ್ಲಿ ಯಾವ ಜೋಕೂ ಇಲ್ಲದ ಒಂದು ರೈತನ ಕಾರ್ಡ್ ಇದೆ, ಪಕ್ಕದಲ್ಲಿ ಜೋಡಿ ಎತ್ತು, ರೂಲ್ ಏನಂದ್ರೆ ಎರಡು ಎಲೆ ಡ್ರಾ ಮಾಡೋದು. ನಮಗೆ ಬಿಟ್ಟಿ ಸಿಕ್ತು! ರೂಲಲ್ಲಿ ಗೊಂದಲ ಬೇಡ ಅಂತ "ಎರಡು ಎಲೆ ಎತ್ತಿ" ಅಂತ ಬಿಡಿಸಿ ಬರೆದು, ಕೆಳಗೆ ರೈತನ ಬಾಯಲ್ಲಿ "ನಂತಾವ ಇರೋದೇ ಎರಡು, ಎತ್ತು!" ಅಂತ ಹಾಕಿದ್ವಿ. ಇದು "ನಂತಾವ" ಇರ್ಬೇಕೋ "ನನ್ ಹತ್ರ" ಇರ್ಬೇಕೋ ಅಂತ ಮೈಸೂರು ಪಾರ್ಟಿಗೂ ಮಂಡ್ಯ ಪಾರ್ಟಿಗೂ ಗ್ರೂಪಲ್ಲಿ ಇನ್ನೂ ಕಿತ್ತಾಟ ನಡೀತಿದೆ, ನನ್ನ ವೋಟು ಮಂಡ್ಯಕ್ಕೆ.