ಸಾಲು ನಿಲ್ಲುವವರೆಗೆ ತಡೆಯಿರಿ

ಜರ್ಮನ್ ಮಾತಾಡುವ ಸಹೋದ್ಯೋಗಿಗಳ ಜೊತೆ ವಿಡಿಯೋ ಕಾಲ್‌ನಲ್ಲಿ ಕೂರುವುದು ಈಗ ನನ್ನ ದಿನನಿತ್ಯದ ಕೆಲಸ. ನನಗೆ ಬರುವ ಜರ್ಮನ್ ಅಂಗಡಿಯಲ್ಲಿ ಮಾತಾಡಲು ಸಾಕು, ಮೀಟಿಂಗ್‌ಗೆ ಸಾಲದು. ಹಾಗಾಗಿ ಲೈವ್ ಕ್ಯಾಪ್ಷನ್ ಹಾಕಿಕೊಳ್ಳುತ್ತೇನೆ. ಇದರಲ್ಲಿ ಎರಡು ದಾರಿ ಇದೆ. ಅವರು ಆಡಿದ್ದನ್ನು ಜರ್ಮನ್‌ನಲ್ಲೇ ಓದುವುದು ಒಂದು, ಇಂಗ್ಲಿಷ್‌ಗೆ ಅನುವಾದವಾಗಿ ಬಂದದ್ದನ್ನು ಓದುವುದು ಇನ್ನೊಂದು. ಎಲ್ಲರೂ ಎರಡನೆಯದಕ್ಕೇ ಕೈ ಹಾಕುತ್ತಾರೆ. ಆ ಭಾಷೆ ಅಲ್ಪಸ್ವಲ್ಪ ಬರುತ್ತದೆ ಅಂದರೆ ಮೊದಲನೆಯದೇ ಮೇಲು ಅಂತ ನನಗನಿಸುತ್ತದೆ.

ಯಾಕೆ ಅಂತ ಒಂದು ವಾಕ್ಯ ಇಟ್ಟುಕೊಂಡು ನೋಡೋಣ. ಮ್ಯಾನೇಜರ್ ಹೇಳುತ್ತಾರೆ: 'ವೀರ್ ಲೀಫರ್ನ್ ಡೀ ನೋಯೆ ವೆರ್ಸಿಯೋನ್ ಆಮ್ ಫ್ರೈಟಾಗ್ ನಿಖ್ಟ್ ಆವ್ಸ್.' ಹೊಸ ವರ್ಷನ್ ಶುಕ್ರವಾರ ಕೊಡುವುದಿಲ್ಲ ಅಂತ ಅರ್ಥ. 'ಇಲ್ಲ' ಅನ್ನುವ 'ನಿಖ್ಟ್' ವಾಕ್ಯದ ಬಾಲದಲ್ಲಿದೆ. ಅನುವಾದದ ಯಂತ್ರ ಅಲ್ಲಿಯವರೆಗೆ ಕಾಯುವುದಿಲ್ಲ, ಕಾದರೆ ಸಬ್‌ಟೈಟಲ್ ಮಾತಿಗಿಂತ ತುಂಬಾ ಹಿಂದೆ ಬೀಳುತ್ತದೆ. ಆದ್ದರಿಂದ ಸಿಕ್ಕಷ್ಟನ್ನು ಅನುವಾದಿಸಿ, 'ಹೊಸ ವರ್ಷನ್ ಶುಕ್ರವಾರ ಕೊಡುತ್ತೇವೆ' ಅಂತ ಇಂಗ್ಲಿಷ್‌ನಲ್ಲಿ ತೋರಿಸಿಬಿಡುತ್ತದೆ. 'ನಿಖ್ಟ್' ಕಿವಿಗೆ ಬಿದ್ದ ಮೇಲೆ ಅದೇ ಸಾಲನ್ನು ಅಳಿಸಿ ತಿದ್ದುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಹೆಬ್ಬೆರಳು ಎತ್ತಿ ಆಗಿರುತ್ತದೆ!

ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ನಮ್ಮ ಮಾತಿನಲ್ಲೂ ಕೊಡುತ್ತೀವೋ ಇಲ್ಲವೋ ಅನ್ನುವುದು ಕೊನೆಗೇ ಗೊತ್ತಾಗುವುದು, ಅಲ್ವಾ? ಎದುರಿನವರು ಪೂರ್ತಿ ಮುಗಿಸುವವರೆಗೆ ಕಾಯುವುದು ನಮ್ಮ ಕಿವಿಗೆ ಅಭ್ಯಾಸ. ಇಂಗ್ಲಿಷ್‌ನಲ್ಲಿ ಆ 'ಇಲ್ಲ' ಶುರುವಿನಲ್ಲೇ ಬಂದುಬಿಡುವುದರಿಂದ, ಇಂಗ್ಲಿಷ್ ಸಬ್‌ಟೈಟಲ್ ಎದುರಿಗಿದ್ದರೆ ಅರ್ಧ ಸಾಲಿಗೇ ವಿಷಯ ತಿಳಿಯಿತು ಅಂದುಕೊಳ್ಳುತ್ತೇವೆ. ಜರ್ಮನ್ ಕ್ಯಾಪ್ಷನ್ ಓದುವಾಗ ಈ ಮೋಸ ಇಲ್ಲ. ಪದಗಳು ಬಂದ ಕ್ರಮದಲ್ಲೇ ಬರುತ್ತವೆ, ಕಣ್ಣು ತಾನಾಗಿ ಬಾಲಕ್ಕೆ ಕಾಯುತ್ತದೆ.

ಇನ್ನೊಂದು ಕಾರಣ ತಪ್ಪುಗಳದ್ದು. ಮೊದಲು ಧ್ವನಿ ಅಕ್ಷರವಾಗಬೇಕು, ಆಮೇಲೆ ಆ ಅಕ್ಷರ ಅನುವಾದವಾಗಬೇಕು. ಮೊದಲ ಹಂತದಲ್ಲಿ ಒಂದು ಪದ ತಪ್ಪಾಗಿ ಕೇಳಿಸಿದರೆ, ಎರಡನೇ ಹಂತ ಅದನ್ನೇ ನಂಬಿ ನಯವಾದ ಇಂಗ್ಲಿಷ್ ವಾಕ್ಯ ಕಟ್ಟುತ್ತದೆ. ಜರ್ಮನ್ ಸಾಲಿನಲ್ಲಿ ತಪ್ಪಿದ್ದರೆ ಅದು ವಿಚಿತ್ರವಾಗಿ ಕಾಣುತ್ತದೆ, ಅನುಮಾನ ಬರುತ್ತದೆ. ಅನುವಾದದಲ್ಲಿ ಅನುಮಾನಕ್ಕೆ ಜಾಗವೇ ಇರುವುದಿಲ್ಲ, ಅಷ್ಟು ಸಲೀಸಾಗಿ ಓದಿಸಿಕೊಳ್ಳುತ್ತದೆ.

ಭಾಷೆ ಒಂಚೂರೂ ಬರದಿದ್ದರೆ ಅನುವಾದವೇ ಗತಿ, ಅದರಲ್ಲಿ ಎರಡು ಮಾತಿಲ್ಲ. ಆಗ ಓದುವ ರೀತಿ ಬದಲಿಸಿಕೊಳ್ಳಬೇಕು. ಕೆಳಗಿನ ಸಾಲಿನಲ್ಲಿ ಪದಗಳು ಅದಲುಬದಲಾಗುತ್ತಿದ್ದರೆ ಅದು ಇನ್ನೂ ಕರಡು. ಬದಲಾಗುವುದು ನಿಂತು, ಮುಂದಿನ ಸಾಲು ಶುರುವಾದ ಮೇಲೆ ನಂಬಬಹುದು. ಉತ್ತರ ಕೊಡುವುದು ಎರಡು ಕ್ಷಣ ತಡವಾಗುತ್ತದೆ, ಆಗಲಿ ಬಿಡಿ.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, ಎಡವುವುದು ಒಂದೇ ಕಡೆ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಕ್ಯಾಪ್ಷನ್ ಹಾಕಿದ ಮೇಲೆ ಅದರ ಸೆಟ್ಟಿಂಗ್ಸ್‌ನಲ್ಲಿ ಆಡುವ ಭಾಷೆ ಯಾವುದು ಅಂತ ಹೇಳುವ ಜಾಗ ಬೇರೆ, ಓದುವ ಭಾಷೆ ಯಾವುದು ಅಂತ ಹೇಳುವ ಜಾಗ ಬೇರೆ. ಆಡುವ ಭಾಷೆ ಇಂಗ್ಲಿಷ್ ಅಂತ ಉಳಿದಿದ್ದರೆ, ಜರ್ಮನ್ ಮಾತನ್ನು ಅದು ಇಂಗ್ಲಿಷ್ ಕಿವಿಯಲ್ಲೇ ಕೇಳುತ್ತದೆ. ಪರದೆ ಮೇಲೆ ಬರುವುದೆಲ್ಲ ನಿಜವಾದ ಇಂಗ್ಲಿಷ್ ಪದಗಳೇ, ಸೇರಿಸಿ ಓದಿದರೆ ತಲೆಬುಡ ಇಲ್ಲ. ಇದು ಕಂಡರೆ ಅನುವಾದವನ್ನು ಬೈಯಬೇಡಿ, ಆ ಸೆಟ್ಟಿಂಗ್ ನೋಡಿ. ಅದನ್ನು ಬದಲಿಸಿದರೆ ಮೀಟಿಂಗ್‌ನಲ್ಲಿರುವ ಎಲ್ಲರಿಗೂ ಬದಲಾಗುತ್ತದೆ, ಆದ್ದರಿಂದ ಮೊದಲು ಚಾಟ್‌ನಲ್ಲಿ ಒಂದು ಮಾತು ಹೇಳಿ. ಓದುವ ಭಾಷೆ ಮಾತ್ರ ಅವರವರದ್ದು. ಅನುವಾದದ ಆಯ್ಕೆಯೇ ಕಾಣದಿದ್ದರೆ ಹುಡುಕಿ ಸುಸ್ತಾಗಬೇಡಿ, ಅದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಲೈಸೆನ್ಸ್ ಬೇಕಾಗುತ್ತದೆ. ಐಟಿಯವರನ್ನು ಕೇಳಿ.

ನಮ್ಮವರ ಕಾಲ್‌ನಲ್ಲಿ ಇದೇ ಕ್ಯಾಪ್ಷನ್ ಯಾಕೆ ಸೋಲುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಜರ್ಮನರು ಮೀಟಿಂಗ್‌ನಲ್ಲಿ ಹೆಚ್ಚಾಗಿ ಒಂದೇ ಭಾಷೆಯಲ್ಲಿ, ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ. ನಾವು 'ಆ ಬಿಲ್ಡ್ ಫೇಲ್ ಆಗಿದೆ, ಸ್ವಲ್ಪ ಚೆಕ್ ಮಾಡ್ತೀಯಾ' ಅಂತೀವಿ, ಮುಗಿಯುವ ಮೊದಲೇ ಇನ್ನೊಬ್ಬರು 'ಮಾಡ್ದೆ ಮಾಡ್ದೆ' ಅಂತಾರೆ. ಒಂದೇ ಭಾಷೆಗೆ ಕಿವಿ ಕೊಟ್ಟ ಯಂತ್ರ ಏನು ಮಾಡೀತು ಪಾಪ. ನಮ್ಮ ರೀತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಅದರಲ್ಲಿ ಕೆಲಸ ಬೇಗ ಆಗುತ್ತದೆ. ಕ್ಯಾಪ್ಷನ್ ನಂಬಿ ಕೂತವರೊಬ್ಬರು ಕಾಲ್‌ನಲ್ಲಿದ್ದಾಗ ಮಾತ್ರ ಜರ್ಮನರ ರೀತಿಯೇ ಸರಿ.

ತಾರೀಖು, ಮೊತ್ತ, 'ಮಾಡುತ್ತೇವೆ, ಮಾಡುವುದಿಲ್ಲ' ಅನ್ನುವ ತೀರ್ಮಾನಗಳನ್ನು ನಾನು ಯಾವ ಕ್ಯಾಪ್ಷನ್‌ಗೂ ಬಿಡುವುದಿಲ್ಲ. 'ಶುಕ್ರವಾರ ಇಲ್ಲ ಅಂದಿರಿ, ಸರಿಯೇ?' ಅಂತ ಚಾಟ್‌ನಲ್ಲಿ ಬರೆದು ಕೇಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.